ಪ್ರತಿ ಉಳಿಯದ ದಿನಗಳು

ನಾನು ಹೇಳಬೇಕಿದ್ದದ್ದು ಒಂದೇ ಮಾತು. ಆ ದಿನಗಳ ಇಮೇಲ್‌ಗಳಿಗೆ ನಮ್ಮಲ್ಲಿ ಪ್ರತಿಯೇ ಇಲ್ಲ, ಪ್ರತಿ ತೆಗೆಯುವುದನ್ನು ನಿಲ್ಲಿಸಿದವನು ನಾನು ಎಂಬ ಮಾತು. ಕೇಳಬೇಕಾದವರು ನನ್ನ ಎದುರಿಗೇ ಕುಳಿತಿದ್ದರು, ಕೇಳಿಯೂ ಕೇಳಿದರು. ನಾನು ಅದನ್ನು ನುಂಗಿಕೊಂಡು, "ಹುಡುಕಿದೆ, ಇಲ್ರಿ ಸರ್" ಎಂದೆ. ಹೇಳಿದ್ದು ಸುಳ್ಳಲ್ಲ. ಹುಡುಕಿದ್ದೆ, ಇರಲಿಲ್ಲ. ಆದರೆ ಆ ಅರ್ಧ ನಿಜದಿಂದ ನನ್ನ ಅಕ್ಕನ ಕೆಲಸ ಹೋಯಿತು. ಅವಳಿಗೆ ತನ್ನ ನೆನಪಿನ ಮೇಲಿದ್ದ ನಂಬಿಕೆಯೂ ಹೋಯಿತು.

ನಾನು ಹತ್ತನೇ ತರಗತಿಯಲ್ಲಿ ಫೇಲಾದವನು. ಅಕ್ಕ ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಒಂದು ಸಣ್ಣ ಸಹಕಾರಿ ಬ್ಯಾಂಕಿಗೆ ಸೇರಿದಳು. ಬ್ಯಾಂಕಿನ ಮುಖ್ಯ ಕಚೇರಿ ಹರಪನಹಳ್ಳಿಯಲ್ಲಿ, ಶಾಖೆಗಳು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಯಲ್ಲಿ. ಅಕ್ಕ ಕೊಟ್ಟೂರು ಶಾಖೆಯಲ್ಲಿ ಕ್ಲರ್ಕ್. ಅವಳೇ ಯಾರುಯಾರಿಗೋ ಹೇಳಿ, ನನ್ನನ್ನು ಹರಪನಹಳ್ಳಿ ಕಚೇರಿಗೆ ಅಟೆಂಡರ್ ಆಗಿ ಸೇರಿಸಿದಳು. ಸೇರಿದ ಹೊಸತರಲ್ಲಿ ನನ್ನ ಕೆಲಸ ಚಹಾ ತರುವುದು, ಫೈಲು ಹೊರುವುದು, ಕಂಪ್ಯೂಟರ್ ಕೋಣೆಯ ಏಸಿ ನೀರು ಚೆಲ್ಲುವುದು. ದಾವಣಗೆರೆಯಿಂದ ಬರುತ್ತಿದ್ದ ಇಂಜಿನಿಯರ್‌ಗೆ ಪದೇ ಪದೇ ಬರುವುದು ಬೇಸರವಾಗಿ, ಫೋನಿನಲ್ಲೇ ನನಗೆ ಹೇಳಿಕೊಡತೊಡಗಿದ. ಇದನ್ನು ಒತ್ತು, ಅದನ್ನು ಓದಿ ಹೇಳು, ಹಸಿರು ಬಂತಾ ನೋಡು. ಇಂಗ್ಲಿಷ್ ಅಕ್ಷರ ಗುರುತಿಸುವುದನ್ನು ಅಕ್ಕ ಮೊದಲೇ ರೂಢಿ ಮಾಡಿಸಿದ್ದಳು. ಹೀಗೆ ಆ ಕೋಣೆ ನನ್ನ ಕೈಗೆ ಬಂತು. ಹುದ್ದೆ ಮಾತ್ರ ಅಟೆಂಡರ್.

ಕೋಣೆಯಲ್ಲಿ ಎರಡು ಯಂತ್ರಗಳಿದ್ದವು. ಒಂದು ಇಮೇಲ್ ನಡೆಸುವುದು. ಯಾವ ಶಾಖೆಯವರು ಯಾರಿಗೆ ಬರೆದರೂ ಅದರ ಮೂಲಕವೇ ಹಾದು ಹೋಗಬೇಕು. ಇನ್ನೊಂದು ಯಂತ್ರಕ್ಕೆ ಕೆಲಸ ಒಂದೇ, ಹಾದು ಹೋಗುವ ಪ್ರತಿಯೊಂದು ಇಮೇಲ್‌ನ ಒಂದು ಪ್ರತಿಯನ್ನು ಇಟ್ಟುಕೊಳ್ಳುವುದು. ಹೊರಗಿನಿಂದ ಬಂದದ್ದು, ಹೊರಗೆ ಹೋದದ್ದು, ಶಾಖೆಯಿಂದ ಶಾಖೆಗೆ ಹೋದದ್ದು, ಎಲ್ಲಾ. ಅದನ್ನು ಇಂಜಿನಿಯರ್ ಜರ್ನಲ್ ಎನ್ನುತ್ತಿದ್ದ. ಪ್ರತಿಯ ಜೊತೆಗೆ ಯಾರು ಕಳಿಸಿದರು, ಯಾರ್‍ಯಾರಿಗೆ, ಯಾವಾಗ ಎಂಬುದೂ ಒಂದು ಹೊದಿಕೆಯ ಹಾಗೆ ಅಂಟಿಕೊಂಡಿರುತ್ತಿತ್ತು. ಒಬ್ಬರಿಗೆ ಕಾಣದಂತೆ ಇನ್ನೊಬ್ಬರಿಗೆ ಕಳಿಸಿದ್ದರೆ ಅವರ ಹೆಸರೂ ಅಲ್ಲಿರುತ್ತಿತ್ತು. ಕಳಿಸಿದವರು ತಮ್ಮ ಪೆಟ್ಟಿಗೆಯಿಂದ ಅಳಿಸಲಿ, ಪಡೆದವರು ಅಳಿಸಲಿ, ಅಲ್ಲಿನದು ಅಳಿಯುವುದಿಲ್ಲ. ನಾಳೆ ಏನಾದರೂ ವಿಚಾರಣೆ ಬಂದರೆ ತೋರಿಸಲು ಇರಲಿ ಎಂದೇ ಬ್ಯಾಂಕುಗಳು ಹೀಗೆ ಇಡುತ್ತವೆ. ಅದರೊಳಗೆ ಹುಡುಕಬೇಕಾದರೆ ನಮ್ಮ ತಪಾಸಣಾ ಅಧಿಕಾರಿ ಬಂದು ತಮ್ಮ ಪಾಸ್‌ವರ್ಡ್ ಹಾಕಬೇಕು.

ಬೆಳಿಗ್ಗೆ ನಾನು ಮಾಡಬೇಕಾದ ಕೆಲಸ ಸುಲಭದ್ದು. ಜರ್ನಲ್ ಯಂತ್ರದಲ್ಲಿ ಜಾಗ ಎಷ್ಟಿದೆ, ಅಲ್ಲಿಗೆ ಹೋಗಬೇಕಾದ ಪ್ರತಿಗಳು ದಾರಿಯಲ್ಲಿ ಸಾಲುಗಟ್ಟಿ ನಿಂತಿವೆಯೇ ಎಂದು ನೋಡುವುದು. ಆಮೇಲೆ ನನಗೆ ನಾನೇ ಒಂದು ಪರೀಕ್ಷೆಯ ಇಮೇಲ್ ಕಳಿಸಿಕೊಂಡು, ಅದು ಜರ್ನಲ್‌ನಲ್ಲಿ ಬಂದಿದೆಯೇ ಎಂದು ಹುಡುಕಿ ನೋಡುವುದು. ನನ್ನ ಪರೀಕ್ಷೆಯ ಇಮೇಲ್ ಒಂದನ್ನು ಮಾತ್ರ ನೋಡಲು ನನಗೆ ಪರವಾನಗಿ ಕೊಟ್ಟಿದ್ದರು. ದಿನಾ ಕಳಿಸುವುದು, ದಿನಾ ಅದು ಅಲ್ಲಿ ಇರುವುದು. ಇದ್ದೇ ಇರುವುದನ್ನು ಎಷ್ಟು ದಿನ ಹುಡುಕುವುದು? ಕಳಿಸುವುದನ್ನು ಮುಂದುವರಿಸಿ, ಹುಡುಕುವುದನ್ನು ಬಿಟ್ಟೆ. ಸಾಲು ಖಾಲಿ ಇದ್ದರೆ ಎಲ್ಲಾ ಸರಿ ಇದೆ ಎಂದುಕೊಂಡೆ.

ಮೆಕ್ಕೆಜೋಳದ ಸುಗ್ಗಿ ಅದು. ನಮ್ಮ ಕಚೇರಿಯ ಕೆಳಗೆ ಲಾರಿಗಳು ನಿಂತು, ಜೋಳದ ಹೊಟ್ಟಿನ ಧೂಳು ಮೆಟ್ಟಿಲ ತನಕ ಬರುತ್ತಿತ್ತು. ಎಲ್ಲ ಶಾಖೆಗಳಲ್ಲೂ ವಹಿವಾಟು ಜೋರು, ಇಮೇಲ್ ಕೂಡ ಜೋರು, ದೊಡ್ಡ ದೊಡ್ಡ ಸ್ಕ್ಯಾನ್ ಅಂಟಿಸಿ ಕಳಿಸುತ್ತಿದ್ದರು. ಜರ್ನಲ್ ಯಂತ್ರ ತುಂಬಿಹೋಯಿತು. ಪ್ರತಿಗಳನ್ನು ಅದು ತೆಗೆದುಕೊಳ್ಳಲಿಲ್ಲ. ಅವು ಮೊದಲ ಯಂತ್ರದಲ್ಲೇ ಸಾಲು ನಿಂತು ಅದರ ಜಾಗವನ್ನೂ ತಿನ್ನತೊಡಗಿದವು. ನಿಜವಾದ ಇಮೇಲ್‌ಗಳೂ ತಡವಾಗತೊಡಗಿದವು. ಹಡಗಲಿಯವರು ಫೋನ್ ಮಾಡಿ, ನಿಮ್ಮ ಇಮೇಲ್‌ಗಿಂತ ನಮ್ಮೂರ ಮಲ್ಲಿಗೆ ಬುಟ್ಟಿ ಬೇಗ ಹರಪನಹಳ್ಳಿ ಮುಟ್ಟುತ್ತದೆ ಎಂದು ಹಂಗಿಸಿದರು. ಇಂಜಿನಿಯರ್ ಹೊಸ ಡಿಸ್ಕ್ ತರುತ್ತೇನೆ, ಎರಡು ದಿನ ತಡಿ ಎಂದ. ಫೋನು ನಿಲ್ಲಲಿಲ್ಲ. ಪ್ರತಿ ತೆಗೆಯುವ ನಿಯಮ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಒಂದು ಟಿಕ್ ಗುರುತು, ಅಷ್ಟೇ. ಅದನ್ನು ತೆಗೆದೆ. ಹೊಸದಾಗಿ ಪ್ರತಿ ಹುಟ್ಟುವುದು ನಿಂತಿತು, ಇಮೇಲ್‌ಗಳು ಓಡತೊಡಗಿದವು. ಡಿಸ್ಕ್ ಬಂದ ಮೇಲೆ ಮತ್ತೆ ಹಾಕಿದರಾಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಇಂಜಿನಿಯರ್ ಬಂದ, ಡಿಸ್ಕ್ ಹಾಕಿದ, ಸಾಲಿನಲ್ಲಿ ನಿಂತಿದ್ದ ಹಳೆಯ ಪ್ರತಿಗಳು ಜರ್ನಲ್ ಸೇರಿದವು. ಜಾಗ ಬೇಕಾದಷ್ಟು, ಸಾಲು ಖಾಲಿ. ಮಿರ್ಚಿ ಮಂಡಕ್ಕಿ ತಿಂದು ಬಸ್ಸು ಹತ್ತಿದ. ಆ ಟಿಕ್ ಗುರುತನ್ನು ನಾನು ಮರೆತೆ. ಮುಂದೆ ದಿನಾ ಬೆಳಿಗ್ಗೆ ನೋಡಿದಾಗ ಸಾಲು ಖಾಲಿ ಇರುತ್ತಿತ್ತು. ಹೋಗಬೇಕಾದ್ದೇ ಏನೂ ಇಲ್ಲದಿದ್ದಾಗ ಸಾಲು ಹೇಗೆ ನಿಲ್ಲುತ್ತದೆ? ಆ ಖಾಲಿಯನ್ನೇ ನಾನು ಆರೋಗ್ಯ ಎಂದು ನಂಬಿದೆ.

ಅಕ್ಕ ಫೋನ್ ಮಾಡಿದ್ದು ಆ ದಿನಗಳಲ್ಲೇ.

"ಲೇ ತಮ್ಮಾ, ನನ್ನ ಇಮೇಲ್ ಪೆಟ್ಟಿಗಿ ತುಂಬೇತಂತ. ಒಂದೂ ಹೋಗವಲ್ದು."

"ಕಳಿಸಿದ್ದನ್ನೆಲ್ಲಾ ಅಳಿಸಿ ಹಾಕವಾ. ಜಾಗ ಆಕ್ಕೈತಿ."

"ಮುಂದ ಬೇಕಾದ್ರ?"

"ನೀ ಅಳಿಸಿದ್ರೂ ಇಲ್ಲೊಂದು ಕಾಪಿ ಇರ್ತೈತಿ. ನಿನ್ನ ಲಗ್ನದ ಆಲ್ಬಂಗಿಂತ ಭದ್ರ ಅದಾವ ಇಲ್ಲಿ."

ಅವಳು ನಕ್ಕಳು. ಅವಳ ಮದುವೆಯ ಆಲ್ಬಂ ಗೆದ್ದಲು ಹಿಡಿದು ಹೋಗಿತ್ತು. ಅಳಿಸುತ್ತೇನೆ ಎಂದಳು, ಅಳಿಸಿದಳು. ಅದರಲ್ಲಿ ಏನಿತ್ತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಚೇರಿಯ ವಿಷಯ ಮನೆಯವರ ಮುಂದೆ ಆಡುವ ಸ್ವಭಾವ ಅವಳದಲ್ಲ.

ಅದರಲ್ಲಿ ಏನಿತ್ತು ಎಂದು ಈಗ ಹೇಳಬೇಕು. ಶಾಖೆಯಲ್ಲಿ ಬಂಗಾರ ಒತ್ತೆ ಇಟ್ಟುಕೊಂಡು ಸಾಲ ಕೊಡುತ್ತಾರೆ. ಬಂಗಾರವನ್ನು ಒರೆಗೆ ಹಚ್ಚಿ ನೋಡಿ, ಪೊಟ್ಟಣ ಕಟ್ಟಿ, ಸೀಲ್ ಹಾಕಿ ತಿಜೋರಿಯಲ್ಲಿ ಇಡಬೇಕು. ತಿಜೋರಿಗೆ ಎರಡು ಕೀಲಿ, ಒಂದು ಶಾಖೆಯ ಮ್ಯಾನೇಜರ್ ಬಳಿ, ಒಂದು ಅಕ್ಕನ ಬಳಿ. ಮ್ಯಾನೇಜರ್ ತನಗೆ ಬೇಕಾದವರ ಕೆಲವು ಪೊಟ್ಟಣಗಳನ್ನು ಒರೆ ಹಚ್ಚದೆಯೇ ಒಳಗೆ ಇಡಿಸಿದ್ದು ಅಕ್ಕನಿಗೆ ಸರಿ ಕಾಣಲಿಲ್ಲ. ಬಾಯಿಯಲ್ಲಿ ಹೇಳಿದರೆ ಗದರಿಸಿದನಂತೆ. ಮುಖ್ಯ ಕಚೇರಿಯ ಸಾಲ ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಬರೆದಳು. ಕೆಲವು ಪೊಟ್ಟಣಗಳು ಪರೀಕ್ಷೆ ಇಲ್ಲದೆ ಬಂದಿವೆ, ಒಂದು ಕೀಲಿ ನನ್ನದೂ ಆಗಿರುವುದರಿಂದ ತಿಳಿಸುತ್ತಿದ್ದೇನೆ, ಯಾರನ್ನಾದರೂ ಕಳಿಸಿ ನೋಡಿಸಬೇಕು ಎಂದು. ಕಚೇರಿಯ ಪತ್ರವನ್ನು ಸ್ವಂತ ವಿಳಾಸಕ್ಕೆ ಕಳಿಸಿಕೊಳ್ಳಬಾರದು ಎಂಬ ನಿಯಮ ನಮ್ಮಲ್ಲಿದೆ, ಅವಳು ನಿಯಮ ಮೀರಲಿಲ್ಲ. ಶಾಖೆಯ ಪ್ರಿಂಟರ್ ಇರುವುದು ಮ್ಯಾನೇಜರ್ ಮೇಜಿನ ಪಕ್ಕದಲ್ಲಿ. ಅದಕ್ಕೆ ಮುದ್ರಿಸಿಯೂ ಇಟ್ಟುಕೊಳ್ಳಲಿಲ್ಲ. ಮೇಲಿನವರಿಗೆ ಹೇಳಿದ್ದೇನೆ, ಅವರು ನೋಡುತ್ತಾರೆ ಎಂದು ಕಾದಳು.

ಟಿಕ್ ಗುರುತು ಇಲ್ಲ ಎಂದು ನನಗೆ ತಿಳಿದದ್ದು ಅವಳ ಫೋನು ಬಂದ ಮರುವಾರ. ವರ್ಷದ ತಪಾಸಣೆಗೆ ಮಾದರಿ ಕೇಳಬಹುದು ಎಂದು ಅಂಜಿ, ಬಹಳ ದಿನಗಳ ಮೇಲೆ ನನ್ನ ಪರೀಕ್ಷೆಯ ಇಮೇಲ್ ಹುಡುಕಿದೆ. ಸಿಗಲಿಲ್ಲ. ನಿನ್ನೆಯದು ಸಿಗಲಿಲ್ಲ, ಮೊನ್ನೆಯದೂ ಇಲ್ಲ. ನಿಯಮ ತೆರೆದು ನೋಡಿದೆ. ಗುರುತು ಹಾಕಿದೆ. ಆ ದಿನದಿಂದ ಪ್ರತಿಗಳು ಮತ್ತೆ ಬಂದವು. ನಡುವಿನ ವಾರಗಳು ಬಾಯಿ ತೆರೆದ ಬಾವಿಯ ಹಾಗೆ ಉಳಿದವು.

ಆಗಲೇ ಹೇಳಿದ್ದರೆ ಎಷ್ಟೋ ಉಳಿಯುತ್ತಿತ್ತು. ಜನ ಅಳಿಸಿದ ಇಮೇಲ್ ಕೂಡಲೇ ಹೋಗುವುದಿಲ್ಲ. ಮೊದಲ ಯಂತ್ರ ಅದನ್ನು ಹೆಚ್ಚುಕಡಿಮೆ ಒಂದು ತಿಂಗಳ ತನಕ ಒಳಗೆ ಇಟ್ಟುಕೊಂಡಿರುತ್ತದೆ, ಇಂಜಿನಿಯರ್ ಮನಸ್ಸು ಮಾಡಿದರೆ ವಾಪಸ್ ತೆಗೆಯಬಹುದು. ಯಾವ ಇಮೇಲ್ ಯಾರಿಂದ ಯಾರಿಗೆ ಹೋಯಿತು ಎಂಬ ದಾಖಲೆಯೂ ಅಷ್ಟೇ ದಿನ ಇರುತ್ತದೆ. ಅಕ್ಕ ಅಳಿಸಿ ಆಗ ಇನ್ನೂ ಒಂದು ವಾರವಷ್ಟೇ ಆಗಿತ್ತು. ಎಲ್ಲ ಶಾಖೆಗಳಿಗೆ, ಆ ವಾರಗಳ ಇಮೇಲ್ ಅಳಿಸಬೇಡಿ, ಅಳಿಸಿದ್ದರೆ ತಿಳಿಸಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಮತ್ತೆ ಚಹಾದ ಕೆಟಲ್ ಕೈಗೆ ಬರುತ್ತದೆ ಎಂದು ಹೆದರಿದೆ. ತಿಂಗಳು ಕಳೆಯಿತು. ಯಂತ್ರ ತನ್ನ ಪಾಡಿಗೆ ಹಳೆಯದನ್ನೆಲ್ಲ ತೊಳೆದು ಹಾಕಿತು.

ಮುಂದೆ ಕೊಟ್ಟೂರು ಶಾಖೆಯ ತಿಜೋರಿ ತಪಾಸಣೆಯಾಯಿತು. ಆ ಪೊಟ್ಟಣಗಳಲ್ಲಿದ್ದದ್ದು ಬಂಗಾರವಲ್ಲ. ಮ್ಯಾನೇಜರ್‌ನನ್ನು ಕೂಡಲೇ ಮನೆಗೆ ಕಳಿಸಿದರು. ಎರಡನೇ ಕೀಲಿ ಯಾರದು ಎಂಬ ಪ್ರಶ್ನೆ ಬಂತು. ಅಕ್ಕ ಗಾಬರಿಯಾಗಲಿಲ್ಲವಂತೆ. ನಾನು ಆಗಲೇ ಬರೆದು ತಿಳಿಸಿದ್ದೇನೆ, ಜರ್ನಲ್ ತೆಗೆದು ನೋಡಿ ಎಂದಳಂತೆ. ಜರ್ನಲ್ ಎಂಬ ಮಾತು ಅವಳಿಗೆ ಗೊತ್ತಿದ್ದದ್ದು ನನ್ನಿಂದ. ಸಾಲ ವಿಭಾಗದ ಮುಖ್ಯಸ್ಥರು ಅಂಥ ಇಮೇಲ್ ನನಗೆ ಬಂದೇ ಇಲ್ಲ ಎಂದರು. ಅವರು ಸುಳ್ಳು ಹೇಳಿದರೋ, ರಾಶಿಯಲ್ಲಿ ನೋಡದೆ ಅಳಿಸಿದರೋ, ಈಗಲೂ ನನಗೆ ಗೊತ್ತಿಲ್ಲ.

ತಪಾಸಣಾ ಅಧಿಕಾರಿ ಕಂಪ್ಯೂಟರ್ ಕೋಣೆಗೆ ಬಂದು ಪಾಸ್‌ವರ್ಡ್ ಹಾಕಿ, ಹುಡುಕು ಎಂದರು. ಅಕ್ಕನ ವಿಳಾಸ ಹಾಕಿದೆ, ಮುಖ್ಯಸ್ಥರ ವಿಳಾಸ ಹಾಕಿದೆ, ಅವಳು ಹೇಳಿದ ವಾರ ಹಾಕಿದೆ. ಪರದೆ ಖಾಲಿ. ಅದು ಪ್ರತಿ ನಿಂತಿದ್ದ ವಾರಗಳಲ್ಲಿ ಒಂದು ಎಂದು ಕಂಡ ಕೂಡಲೇ ನನಗೆ ಎಲ್ಲಾ ಅರ್ಥವಾಯಿತು.

"ಸರಿಯಾಗಿ ಹುಡುಕಿದಿಯೇನಪಾ?" ಅಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮ ಅಕ್ಕ ಅದಾಳ. ಇನ್ನೊಮ್ಮೆ ನೋಡು."

"ಹುಡುಕಿದೆ, ಇಲ್ರಿ ಸರ್."

ಅವರು ನಿಟ್ಟುಸಿರು ಬಿಟ್ಟರು. ಪಾಪ, ಅವರಿಗೆ ಅಕ್ಕನ ಮೇಲೆ ಗೌರವವಿತ್ತು. ಬೇರೆ ಯಾರಾದರೂ ಇಲ್ಲ ಎಂದಿದ್ದರೆ ಇಂಜಿನಿಯರ್‌ನನ್ನು ಕರೆಸುತ್ತಿದ್ದರೇನೋ. ಒಡಹುಟ್ಟಿದ ತಮ್ಮನೇ ಹುಡುಕಿ ಇಲ್ಲ ಎಂದ ಮೇಲೆ ಅನುಮಾನಕ್ಕೆ ಜಾಗವೆಲ್ಲಿ? ಜರ್ನಲ್‌ನಲ್ಲಿ ಪ್ರತಿ ಇಲ್ಲದ ಕಾರಣ ಸದರಿ ಇಮೇಲ್ ಕಳುಹಿಸಿಲ್ಲವೆಂದು ತೀರ್ಮಾನಿಸಲಾಗಿದೆ ಎಂದು ಆದೇಶದಲ್ಲಿ ಬರೆದರು. ಅಕ್ಕನನ್ನು ಕೆಲಸದಿಂದ ತೆಗೆದರು.

ಆ ದಿನ ಅವಳು ಫೋನಿನಲ್ಲಿ ಕೇಳಿದ್ದು ಇಷ್ಟೇ, ನೀನೇ ಹುಡುಕಿದೆಯಾ ಎಂದು. ಹೌದು ಎಂದೆ. ಇರಲಿಲ್ಲವೇ ಎಂದಳು. ಇರಲಿಲ್ಲ ಎಂದೆ. ಆಮೇಲೆ, ಊಟ ಆಯಿತಾ ಎಂದು ಕೇಳಿ ಫೋನ್ ಇಟ್ಟಳು. ನನ್ನನ್ನು ಬೈದಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆನೋ ಏನೋ. ಇದೂ ನಾನು ಮಾಡಿಕೊಳ್ಳುವ ಸಮಾಧಾನವೇ ಇರಬೇಕು.

ಕೆಲವು ತಿಂಗಳು ನಾನು ಕೊಟ್ಟೂರಿನ ಕಡೆ ಹೋಗಲಿಲ್ಲ. ಕೆಲಸ ಬಹಳ ಎಂದು ಹೇಳುತ್ತಿದ್ದೆ. ಕೋಣೆಯಲ್ಲಿ ಮಾತ್ರ ನನ್ನಷ್ಟು ಶಿಸ್ತಿನವನು ಯಾರೂ ಇರಲಿಲ್ಲ. ಬೆಳಿಗ್ಗೆ ಪರೀಕ್ಷೆಯ ಇಮೇಲ್ ಕಳಿಸಿ ಹುಡುಕುತ್ತಿದ್ದೆ, ಸಿಕ್ಕ ಮೇಲೂ ಮತ್ತೊಂದು ಕಳಿಸುತ್ತಿದ್ದೆ. ಯಾರಿಗೂ ಬೇಡದ ನನ್ನ ಖಾಲಿ ಇಮೇಲ್‌ಗಳು ವರ್ಷಗಟ್ಟಲೆ ಭದ್ರವಾಗಿರುತ್ತವೆ, ಅವಳದು ಇಲ್ಲ.

ಭಾವ ಟೆಂಪೊ ಓಡಿಸುತ್ತಾನೆ. ಒಂದು ಮಧ್ಯಾಹ್ನ ಹರಪನಹಳ್ಳಿಗೆ ಬಂದವನು ನನ್ನನ್ನು ಹಿಡಿದು ಕೂರಿಸಿಕೊಂಡು ಹೋದ. ನಿಮ್ಮ ಅಕ್ಕ ಮೊದಲಿನ ಹಾಗಿಲ್ಲ, ಬಂದು ನೋಡು ಎಂದಷ್ಟೇ ಹೇಳಿದ.

ಅಕ್ಕ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಹೋದಾಗ ಊಟಕ್ಕೆ ಮನೆಗೆ ಬಂದಿದ್ದಳು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅಂಗಡಿಗೆ ವಾಪಸ್ ಹೊರಡುವಾಗ ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಓಣಿಯ ತಿರುವಿನ ತನಕ ನನ್ನ ಜೊತೆ ಬಂದವಳು ನಿಂತುಬಿಟ್ಟಳು. ಗ್ಯಾಸ್ ಬಂದ್ ಮಾಡಿದೆನಾ ಎಂದು ಮತ್ತೆ ಮನೆಗೆ ಹೋದಳು. ಬಂದಳು. ಮತ್ತೆ ಬೀಗ ನೋಡಲು ಹೋದಳು. ಚಿಕ್ಕವರಿದ್ದಾಗ ಯಾರ ಮನೆಯಿಂದ ಯಾವ ಪಾತ್ರೆ ಬಂದಿದೆ ಎಂದು ಅವ್ವ ಕೇಳುತ್ತಿದ್ದದ್ದು ಇವಳನ್ನೇ.

ಮೂರನೇ ಸಲ ಬಂದಾಗ ನನ್ನ ಮುಖ ನೋಡಿ ನಾಚಿಕೊಂಡ ಹಾಗೆ ನಕ್ಕಳು.

"ನಾ ಕಳಿಸೇ ಇಲ್ಲೇನೋ ತಮ್ಮಾ. ಬರದು ಹಂಗ ಬಿಟ್ಟಿದ್ನೇನೋ. ಕಳಿಸೀನಿ ಅಂತ ಅನಿಸಿರಬೇಕು ನನಗ."

"ಹಂಗ್ಯಾಕ ಅಂತೀಯವಾ?"

"ಮಷಿನ್ ಸುಳ್ಳು ಹೇಳತೈತೇನು? ನೀ ಸುಳ್ಳು ಹೇಳತೀಯೇನು?"

ನಾನು ಆಗಲೂ ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಅವಳು ಇನ್ನೊಮ್ಮೆ ಬೀಗ ನೋಡಲು ಹೋಗಿರುತ್ತಾಳೆ ಎಂದು ಯೋಚಿಸಿದೆ. ಕೆಲಸ ಹೋದ ಮೇಲೂ ಅವಳು ಹೇಗೋ ಬದುಕಿಕೊಂಡಿದ್ದಳು. ತನ್ನ ಕೈ ಮಾಡಿದ್ದನ್ನು ತಾನೇ ನಂಬದೆ ಬದುಕುವುದನ್ನು ನಾನು ಅವಳಿಗೆ ಕಲಿಸಿದ್ದೆ.

ಮರುದಿನ ಕಚೇರಿ ತೆರೆದ ಕೂಡಲೇ ತಪಾಸಣಾ ಅಧಿಕಾರಿಯ ಬಳಿ ಹೋದೆ. ನಿಂತುಕೊಂಡೇ ಎಲ್ಲಾ ಹೇಳಿದೆ. ಅವರು ಮೊದಲು ನಂಬಲಿಲ್ಲ. ಅಕ್ಕನನ್ನು ಉಳಿಸಲು ಈಗ ಕಥೆ ಕಟ್ಟುತ್ತಿದ್ದಾನೆ ಎಂದುಕೊಂಡರು. ಆ ವಾರಗಳಲ್ಲಿ ನೀವೇ ಏನಾದರೂ ಕಳಿಸಿದ್ದೀರಾ ನೋಡಿ ಎಂದೆ. ಅವರ ಪೆಟ್ಟಿಗೆಯಲ್ಲಿ ಎಲ್ಲ ಶಾಖೆಗಳಿಗೆ ಕಳಿಸಿದ್ದ ಒಂದು ಸುತ್ತೋಲೆ ಸಿಕ್ಕಿತು, ಅವರು ಏನನ್ನೂ ಅಳಿಸುವವರಲ್ಲ. ಅದನ್ನು ಜರ್ನಲ್‌ನಲ್ಲಿ ಹುಡುಕಿ ಎಂದೆ. ಪಾಸ್‌ವರ್ಡ್ ಹಾಕಿ ತಾವೇ ಹುಡುಕಿದರು. ಇಲ್ಲ. ಅಧ್ಯಕ್ಷರಿಗೆ ಬರೆದದ್ದನ್ನು ಹುಡುಕಿದರು. ಇಲ್ಲ. ಕೊನೆಗೆ ಯಾರ ಹೆಸರನ್ನೂ ಹಾಕದೆ ಬರೀ ಆ ದಿನಾಂಕಗಳನ್ನು ಹಾಕಿದರು. ಇಡೀ ಬ್ಯಾಂಕಿನ ಒಂದೇ ಒಂದು ಇಮೇಲ್ ಅಲ್ಲಿರಲಿಲ್ಲ. ಸುಗ್ಗಿಯ ವಾರಗಳಲ್ಲಿ ಐದು ಊರುಗಳಲ್ಲಿ ಯಾರೂ ಯಾರಿಗೂ ಏನನ್ನೂ ಬರೆಯಲಿಲ್ಲ ಎಂಬಂತೆ ಪರದೆ ಬೆಳ್ಳಗಿತ್ತು.

"ಅವತ್ತ ಹಿಂಗ ನೋಡಬೇಕಿತ್ತು ನಾನು," ಎಂದರು ಅವರು. "ಇದನ್ನ ಹೇಳಾಕ ನಿನಗೇನಾಗಿತ್ತಪಾ?"

"ಅಂಜಿಕಿ ಸರ್."

ಇದು ಅವಳು ಬರೆದಿದ್ದಾಳೆ ಎಂದು ತೋರಿಸುವುದಿಲ್ಲ, ಬರೆದಿಲ್ಲ ಎಂದ ನಮ್ಮ ಆದೇಶಕ್ಕೆ ಬುಡವಿಲ್ಲ ಎಂದಷ್ಟೇ ತೋರಿಸುತ್ತದೆ ಎಂದು ಅವರು ಹೇಳಿದರು. ಆಡಳಿತ ಮಂಡಳಿಯ ಮುಂದೆ ಇಡುತ್ತೇನೆ, ಕೆಲಸ ವಾಪಸ್ ಬರುತ್ತದೆ ಎಂದು ಮಾತು ಕೊಡಲಾರೆ ಎಂದರು. ನನಗೆ ನೋಟಿಸ್ ಕೊಟ್ಟರು, ಕೋಣೆಯ ಕೀಲಿ ತೆಗೆದುಕೊಂಡರು. ಎರಡೂ ಸರಿಯಾದದ್ದೇ. ಇದನ್ನು ಬರೆಯುವ ಹೊತ್ತಿಗೂ ಮಂಡಳಿ ಏನನ್ನೂ ತೀರ್ಮಾನಿಸಿಲ್ಲ. ಸಾಲ ವಿಭಾಗದ ಮುಖ್ಯಸ್ಥರು ಅದೇ ಕುರ್ಚಿಯಲ್ಲಿದ್ದಾರೆ.

ಅಲ್ಲಿಂದ ಸೀದಾ ಕೊಟ್ಟೂರು ಬಸ್ಸು ಹತ್ತಿದೆ. ಅಕ್ಕ ಅಂಗಡಿಯಲ್ಲಿದ್ದಳು. ಗಿರಾಕಿಗಳು ಬಿಚ್ಚಿ ಹಾಕಿ ಹೋಗಿದ್ದ ಸೀರೆಗಳ ನಡುವೆ ಕುಳಿತು ಒಂದೊಂದನ್ನೇ ಮಡಚುತ್ತಿದ್ದಳು. ನಿನ್ನೆ ಹೋದವನು ಇವತ್ತು ಯಾಕೆ ಬಂದೆ ಎಂದು ಕೇಳಿದಳು, ಯಾರಿಗಾದರೂ ಏನಾದರೂ ಆಯಿತಾ ಎಂದು ಗಾಬರಿಯಾದಳು. ಮಾಲೀಕರು ಗಲ್ಲಾಪೆಟ್ಟಿಗೆಯ ಮುಂದಿದ್ದರು, ಇನ್ನಿಬ್ಬರು ಹೆಂಗಸರು ಪಕ್ಕದಲ್ಲಿ ಮಡಚುತ್ತಿದ್ದರು. ಹೊರಗೆ ಬಾ ಎನ್ನಬಹುದಿತ್ತು. ಹೊರಗೆ ಬರುವಷ್ಟರಲ್ಲಿ ನನ್ನ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಚಪ್ಪಲಿ ಬಿಟ್ಟು, ಹಾಸಿದ ಬಿಳಿ ಬಟ್ಟೆಯ ಮೇಲೆ ಅವಳ ಎದುರಿಗೆ ಕುಳಿತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅಕ್ಕಾ, ನೀ ಕಳಿಸಿದ್ದಿ. ನಿನ್ನ ನೆನಪು ಸುಳ್ಳಲ್ಲ. ಆ ದಿನ ಯಾರ ಕಾಪಿನೂ ಉಳಿದಿಲ್ಲ, ಬಂದ್ ಮಾಡಿದಾಂವ ನಾನು. ಅಳಿಸು ಅಂತ ನಿನಗ ಹೇಳಿದಾಂವನೂ ನಾನ. ಗೊತ್ತಿದ್ದೂ ಇಲ್ಲ ಅಂದೆ. ನನ್ನ ನೌಕರಿ ಉಳಿಸಿಕೊಳ್ಳಾಕ ನಿನ್ನ ಕಳ್ಳಿ ಮಾಡಿದೆ. ತಪ್ಪಾತವಾ. ನನ್ನ ಕ್ಷಮಿಸು."